ಐದು ವರ್ಷದ ಬಾಕಿ, ಒಂದೇ ವರ್ಷದ ಮಿತಿ: ಪಿಎಫ್ ಬಡ್ಡಿ ತೆರಿಗೆ ಕುರಿತು ಬಹಿರಂಗ ಪತ್ರ

ಗೆ,
ಮಾನ್ಯ ಕೇಂದ್ರ ಹಣಕಾಸು ಸಚಿವರು,
ಕೇಂದ್ರ ನೇರ ತೆರಿಗೆಗಳ ಮಂಡಳಿಯ ಅಧ್ಯಕ್ಷರು,
ಮತ್ತು ನೌಕರರ ಭವಿಷ್ಯ ನಿಧಿಯ ಕೇಂದ್ರ ಟ್ರಸ್ಟಿ ಮಂಡಳಿಯ ಸದಸ್ಯರು,
ನವದೆಹಲಿ.

ವಿಷಯ: ತಡವಾಗಿ ಬಂದ ವೇತನ ಬಾಕಿಯಿಂದ ಕಡಿತವಾದ ಪಿಎಫ್ ವಂತಿಗೆಯನ್ನು ಒಂದೇ ವರ್ಷದ ವಂತಿಗೆ ಎಂದು ಎಣಿಸಿ, ಅದರ ಬಡ್ಡಿಗೆ ನಿವೃತ್ತಿಯವರೆಗೂ ತೆರಿಗೆ ಹಾಕುತ್ತಿರುವ ಬಗ್ಗೆ.

ಮಾನ್ಯರೇ,

ನಾನು ರಾಯಚೂರಿನಲ್ಲಿ ಸಂಬಳದಾರರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಸಲಹೆಗಾರ. ಜೂನ್, ಜುಲೈ ಬಂತೆಂದರೆ ಊರಿನವರಷ್ಟೇ ಅಲ್ಲ, ದೇವದುರ್ಗ, ಮಾನ್ವಿ ಕಡೆಯ ನೌಕರರೂ ಫಾರ್ಮ್ 16 ಹಿಡಿದು ತೀನ್ ಕಂದೀಲ್ ಹತ್ತಿರದ ನನ್ನ ಕೋಣೆಗೆ ಬರುತ್ತಾರೆ. ಹಣಕಾಸು ಸಚಿವರಾದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಯಲ್ಲಿ ಕರ್ನಾಟಕದ ಪ್ರತಿನಿಧಿ. ಆದ್ದರಿಂದ ಈ ಅಹವಾಲನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೊದಲಿಗೆ, ನನ್ನ ತಕರಾರು ಯಾವುದರ ಬಗ್ಗೆ ಅಲ್ಲ ಎಂಬುದನ್ನು ಹೇಳಿಬಿಡುತ್ತೇನೆ. 2021ರ ಫೆಬ್ರವರಿ 1ರ ಬಜೆಟ್‌ನಲ್ಲಿ ತಾವು ಒಂದು ಹೊಸ ನಿಯಮ ತಂದಿರಿ. ಅದರಂತೆ 2021ರ ಏಪ್ರಿಲ್ 1ರ ನಂತರ ನೌಕರನ ಸ್ವಂತ ಪಿಎಫ್ ವಂತಿಗೆ ವರ್ಷಕ್ಕೆ 2.5 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತದೆ. ಮಾಲೀಕರು ಹಾಕುವ ಪಾಲು ಈ ಲೆಕ್ಕಕ್ಕೆ ಬರುವುದಿಲ್ಲ. ಮಾಲೀಕರ ಪಾಲೇ ಇಲ್ಲದ ನಿಧಿಗಳಿಗೆ ಮಾರ್ಚ್‌ನಲ್ಲಿ ಮಿತಿಯನ್ನು 5 ಲಕ್ಷಕ್ಕೆ ಏರಿಸಿದಿರಿ. ದೊಡ್ಡ ಸಂಬಳದವರು ಸ್ವಯಂ ಇಚ್ಛೆಯಿಂದ ಲಕ್ಷಗಟ್ಟಲೆ ಹಣ ತಂದು ಸುರಿದು, ಅಷ್ಟಕ್ಕೂ ತೆರಿಗೆಯಿಲ್ಲದ ಬಡ್ಡಿ ಪಡೆಯುವುದು ಸರಿಯಲ್ಲ ಎಂಬುದು ಅಂದಿನ ವಾದ. ಆ ವಾದವನ್ನು ನಾನು ಒಪ್ಪುತ್ತೇನೆ. ಬೇಕೆಂದೇ ವಿಪಿಎಫ್ ಏರಿಸಿಕೊಂಡವರು ಹೆಚ್ಚುವರಿ ಬಡ್ಡಿಗೆ ತೆರಿಗೆ ಕಟ್ಟಲಿ.

ಆದರೆ ಆ ಉದ್ದೇಶಕ್ಕೆ ಸಂಬಂಧವೇ ಇಲ್ಲದ ಒಂದು ವರ್ಗ ಇದೇ ನಿಯಮಕ್ಕೆ ಸಿಕ್ಕಿಕೊಂಡಿದೆ. ವೇತನ ಪರಿಷ್ಕರಣೆ ವರ್ಷಗಟ್ಟಲೆ ತಡವಾಗಿ, ಬಾಕಿಯೆಲ್ಲ ಒಂದೇ ಕಂತಿನಲ್ಲಿ ಕೈಗೆ ಬಂದ ನೌಕರರು ಇವರು. ಅವರು ಸ್ವಂತ ಇಚ್ಛೆಯಿಂದ ಒಂದು ರೂಪಾಯಿಯನ್ನೂ ಹೆಚ್ಚಿಗೆ ಹಾಕಿದವರಲ್ಲ. ಪೂರ್ತಿ ಬೇಸಿಕ್ ಮತ್ತು ಡಿಎ ಮೇಲೆ ಶೇಕಡಾ 12 ಪಿಎಫ್ ಕಡಿಯುವ ಕಚೇರಿ ಬಾಕಿಯ ಮೇಲೂ ಕಡಿದಿದೆ, ಅಷ್ಟೆ.

ಮಾನ್ವಿಯ ಒಬ್ಬ ಎಂಜಿನಿಯರ್ ಪ್ರಕರಣವನ್ನು ಬಿಡಿಸಿ ಹೇಳುತ್ತೇನೆ. ಲೆಕ್ಕ ಸುಲಭವಾಗಲೆಂದು ಮೊತ್ತಗಳನ್ನು ದುಂಡು ಸಂಖ್ಯೆಗೆ ತಂದಿದ್ದೇನೆ. ಅವರ ಬೇಸಿಕ್ ಮತ್ತು ಡಿಎ ಸೇರಿ ತಿಂಗಳಿಗೆ 1,00,000 ರೂಪಾಯಿ ಇತ್ತು. 2018ರ ಏಪ್ರಿಲ್‌ನಿಂದಲೇ ಅನ್ವಯವಾಗುವಂತೆ ಅದು 1,25,000 ಆಯಿತು. ಆದರೆ ಆದೇಶ ಬಂದದ್ದು 2023ರಲ್ಲಿ. ಏಪ್ರಿಲ್ 2023ರಿಂದ ಹೊಸ ಸಂಬಳ ಶುರುವಾಯಿತು. ಹಿಂದಿನ ಐದು ವರ್ಷಗಳ ಬಾಕಿ, ತಿಂಗಳಿಗೆ 25,000ದಂತೆ 60 ತಿಂಗಳಿಗೆ 15 ಲಕ್ಷ ರೂಪಾಯಿ, 2024ರ ಮಾರ್ಚ್‌ನಲ್ಲಿ ಒಟ್ಟಿಗೆ ಬಂತು.

ಈಗ ಪಿಎಫ್ ಕಡೆ ನೋಡಿ. 2023-24ರಲ್ಲಿ ಅವರ ಮಾಮೂಲಿ ವಂತಿಗೆ ತಿಂಗಳಿಗೆ 15,000, ವರ್ಷಕ್ಕೆ 1,80,000. ಬಾಕಿ ಸಂಬಳದ ಮೇಲೆ ಶೇಕಡಾ 12 ಎಂದರೆ ಇನ್ನೊಂದು 1,80,000. ಎರಡೂ ಕೂಡಿ 3,60,000. ಮಿತಿಯಾದ 2,50,000 ಕಳೆದರೆ ಉಳಿಯುವ 1,10,000 ರೂಪಾಯಿ ನೇರವಾಗಿ ತೆರಿಗೆ ಬೀಳುವ ಖಾತೆಗೆ ಹೋಯಿತು. 2021ರ ಆಗಸ್ಟ್ 31ರಂದು ಬಂದ 9ಡಿ ನಿಯಮದ ಪ್ರಕಾರ ಪ್ರತಿ ಸದಸ್ಯನ ಪಿಎಫ್ ಒಳಗೇ ಎರಡು ಖಾತೆಗಳನ್ನು ಬೇರೆಬೇರೆಯಾಗಿ ಇಡಬೇಕು. ಒಂದರ ಬಡ್ಡಿಗೆ ತೆರಿಗೆ ಇಲ್ಲ, ಇನ್ನೊಂದರ ಬಡ್ಡಿಗೆ ಇದೆ.

ಇದೇ ಬಾಕಿ ಆಯಾ ವರ್ಷವೇ ಸಿಕ್ಕಿದ್ದರೆ ಏನಾಗುತ್ತಿತ್ತು? ಆಗ ಪ್ರತಿ ವರ್ಷದ ವಂತಿಗೆ 1,44,000ದ ಬದಲು 1,80,000 ಆಗುತ್ತಿತ್ತು. ಯಾವ ವರ್ಷವೂ ಅದು ಎರಡೂವರೆ ಲಕ್ಷದ ಹತ್ತಿರಕ್ಕೂ ಬರುತ್ತಿರಲಿಲ್ಲ. ಈ ಎಂಜಿನಿಯರ್ ತೆರಿಗೆ ಖಾತೆಗೆ ಬಿದ್ದದ್ದಕ್ಕೆ ಸಂಬಳ ತಡವಾಗಿ ಬಂದದ್ದೊಂದೇ ಕಾರಣ.

ಇನ್ನೂ ಒಂದು ಮಾತಿದೆ. ಬಾಕಿಯ ಐದು ವರ್ಷಗಳಲ್ಲಿ 2018-19, 2019-20, 2020-21 ಈ ಮೂರು ವರ್ಷ ಮಿತಿ ಎಂಬುದೇ ಇರಲಿಲ್ಲ. 2021ರ ಮಾರ್ಚ್ 31ರವರೆಗೆ ಜಮಾ ಆದ ಹಣ, ಅದು ಎಷ್ಟೇ ಇರಲಿ, ತೆರಿಗೆಯಿಲ್ಲದ ಖಾತೆಯಲ್ಲೇ ಇರುತ್ತದೆ ಎಂದು 9ಡಿ ನಿಯಮವೇ ಹೇಳುತ್ತದೆ. ಆ ಮೂರು ವರ್ಷಗಳ ಬಾಕಿ ವಂತಿಗೆ 1,08,000 ರೂಪಾಯಿ. ಮಿತಿ ಮೀರಿದ್ದು 1,10,000. ಅಂದರೆ ಈಗ ತೆರಿಗೆಗೆ ಸಿಕ್ಕ ಮೊತ್ತಕ್ಕೂ, ಕಾಯ್ದೆ ಬರುವ ಮೊದಲೇ ಅವರು ದುಡಿದಿದ್ದ ಹಣಕ್ಕೂ ಎರಡೇ ಸಾವಿರದ ಅಂತರ. ಕಾಯ್ದೆಗೆ ಹಿಂದಿನ ದಿನಾಂಕದಿಂದ ಜಾರಿ ಇಲ್ಲವೆಂದು ತಾವು ಹೇಳಿದ್ದು ನಿಜ. ಆದರೆ ಬಾಕಿ ಪಡೆದವರ ಪಾಲಿಗೆ ಅದು ಹಿಂದಕ್ಕೂ ಚಾಚಿಕೊಂಡಿದೆ.

ಇಲ್ಲಿ ನೌಕರನಿಗೆ ಎರಡು ಕಡೆಯಿಂದ ಪೆಟ್ಟು. 2018ರಲ್ಲಿ ಜಮಾ ಆಗಬೇಕಿದ್ದ ವಂತಿಗೆ 2024ರಲ್ಲಿ ಜಮಾ ಆಯಿತು. ಪಿಎಫ್ ಬಡ್ಡಿ ಹಣ ಜಮಾ ಆದ ಮೇಲಷ್ಟೇ ಓಡುತ್ತದೆ. ನಡುವಿನ ವರ್ಷಗಳ ಬಡ್ಡಿ ಅವರಿಗೆ ಸಿಗಲೇ ಇಲ್ಲ. ತಡವಾದ ಹಣಕ್ಕೆ ಬಡ್ಡಿ ಕಳೆದುಕೊಂಡದ್ದಲ್ಲದೆ, ತಡವಾದ ಕಾರಣಕ್ಕೇ ಮುಂದಿನ ಬಡ್ಡಿಗೆ ತೆರಿಗೆಯನ್ನೂ ಕಟ್ಟಬೇಕಾಗಿದೆ.

2024-25ರಲ್ಲಿ ಪಿಎಫ್ ಬಡ್ಡಿ ದರ ಶೇಕಡಾ 8.25. 1,10,000 ರೂಪಾಯಿಗೆ ಆ ವರ್ಷದ ಬಡ್ಡಿ 9,075. ಅದರಲ್ಲಿ ಶೇಕಡಾ 10, ಎಂದರೆ ಸುಮಾರು 908 ರೂಪಾಯಿ ಟಿಡಿಎಸ್ ಆಗಿ ಕಡಿತವಾಯಿತು. ಪ್ಯಾನ್ ಜೋಡಣೆ ಆಗದಿದ್ದರೆ ಅದು ಶೇಕಡಾ 20 ಆಗುತ್ತಿತ್ತು. ಅವರು ಶೇಕಡಾ 30ರ ಸ್ಲ್ಯಾಬ್‌ನಲ್ಲಿರುವುದರಿಂದ ಸೆಸ್ ಸೇರಿ ನಿಜವಾದ ತೆರಿಗೆ 2,831 ರೂಪಾಯಿ. ಟಿಡಿಎಸ್ ಕಳೆದು ಉಳಿದ 1,900ಕ್ಕೂ ಮಿಕ್ಕಿದ ಮೊತ್ತವನ್ನು ಜೇಬಿನಿಂದ ಕಟ್ಟಬೇಕು. ಏಕೆಂದರೆ ಬಡ್ಡಿ ಅವರ ಕೈಗೆ ಬಂದಿಲ್ಲ, ಪಿಎಫ್ ಒಳಗೇ ಇದೆ.

ಲೆಕ್ಕ ಕೇಳಿ ಅವರು ನನ್ನ ಮೇಜಿನ ಆಚೆ ಸ್ವಲ್ಪ ಹೊತ್ತು ಪಾಸ್‌ಬುಕ್ ಪ್ರಿಂಟ್ ನೋಡುತ್ತಾ ಕೂತರು. "ಸರ್ರ, ಅರಿಯರ್ಸ್ ತಡಾ ಮಾಡಿ ಕೊಟ್ಟವ್ರು ಅವ್ರು. ಪಿಎಫ್ ಕಟ್ ಮಾಡ್ಕೊಂಡವ್ರೂ ಅವ್ರ. ಟ್ಯಾಕ್ಸ್ ಮಾತ್ರ ನಾ ಕಟ್ಬೇಕೇನ್ರೀ?" ಎಂದರು. "ಹೋಗ್ಲಿ, ಈ ವರ್ಷ ಕಟ್ಟಿಬಿಡ್ತೀನಿ, ಮುಗೀತಲ್ಲ?" ಎಂದೂ ಕೇಳಿದರು.

ಮುಗಿಯುವುದಿಲ್ಲ. ನನ್ನ ದೂರಿನ ಮುಖ್ಯ ಭಾಗ ಇದೇ. ತೆರಿಗೆ ಖಾತೆಗೆ ಒಮ್ಮೆ ಹೋದ ಹಣ ಹಿಂದಕ್ಕೆ ಬರುವುದಿಲ್ಲ. ಮರುವರ್ಷ ಅವರ ವಂತಿಗೆ 1,80,000ಕ್ಕೆ ಇಳಿದಿದೆ, ಮಿತಿಗಿಂತ 70,000 ಕಡಿಮೆ. ಆದರೂ ಹಳೆಯ 1,10,000 ಮತ್ತು ಅದರ ಬಡ್ಡಿಯ ಮೇಲಿನ ಬಡ್ಡಿಗೆ ಪ್ರತಿ ವರ್ಷ ತೆರಿಗೆ ಬೀಳುತ್ತಲೇ ಇರುತ್ತದೆ. ಒಂದು ವರ್ಷ ಉಳಿದ ಮಿತಿಯನ್ನು ಇನ್ನೊಂದು ವರ್ಷದ ಹೆಚ್ಚುವರಿಗೆ ಹೊಂದಿಸಿಕೊಳ್ಳಲು ನಿಯಮದಲ್ಲಿ ದಾರಿ ಇಲ್ಲ. ಅವರ ನಿವೃತ್ತಿ 2033ಕ್ಕೆ. ಬಡ್ಡಿ ದರ, ಸ್ಲ್ಯಾಬ್ ಎರಡೂ ಹೀಗೇ ಇದ್ದರೆ ಒಂಬತ್ತು ವರ್ಷಗಳಲ್ಲಿ ಒಟ್ಟು ಸುಮಾರು 35,000 ರೂಪಾಯಿ ತೆರಿಗೆ ಆಗುತ್ತದೆ. ಒಂದೇ ಒಂದು ಮಾರ್ಚ್ ತಿಂಗಳ ಕಡಿತಕ್ಕೆ ಒಂಬತ್ತು ರಿಟರ್ನ್‌ಗಳಲ್ಲಿ ಲೆಕ್ಕ ಕೊಡಬೇಕು.

15 ಲಕ್ಷ ಬಾಕಿ ಎಣಿಸಿಕೊಂಡವನು ಮೂರು ಸಾವಿರಕ್ಕೆ ಅಳುವುದೇಕೆ ಎಂದು ಯಾರಾದರೂ ಕೇಳಬಹುದು. ಮೊತ್ತ ದೊಡ್ಡದಲ್ಲ, ನಿಜ. ಆದರೆ ಆ 15 ಲಕ್ಷ ಬಹುಮಾನವಲ್ಲ, ಐದು ವರ್ಷ ತಡವಾದ ಕೂಲಿ. ಅದೂ ಅಲ್ಲದೆ, ತಡವಾದ ಸಂಬಳಕ್ಕೆ ಹೆಚ್ಚು ತೆರಿಗೆ ಬೀಳಬಾರದು ಎಂಬ ತತ್ವವನ್ನು ತಮ್ಮ ಇಲಾಖೆಯೇ ಎಂದೋ ಒಪ್ಪಿಕೊಂಡಿದೆ.

ಅದು 1961ರ ಆದಾಯ ತೆರಿಗೆ ಕಾಯ್ದೆಯ 89ನೇ ಕಲಮಿನಲ್ಲಿತ್ತು. ಬಾಕಿ ಸಂಬಳ ಒಂದೇ ವರ್ಷ ಬಂದು ಮೇಲಿನ ಸ್ಲ್ಯಾಬ್‌ಗೆ ತಳ್ಳಿದರೆ, ನೌಕರ 10ಇ ನಮೂನೆ ತುಂಬಿ ಪರಿಹಾರ ಪಡೆಯಬಹುದಿತ್ತು. ಇದೇ ಎಂಜಿನಿಯರ್‌ಗೆ ನಾನೇ ಅದನ್ನು ತುಂಬಿಕೊಟ್ಟೆ. ಅದರ ಕೋಷ್ಟಕದಲ್ಲಿ 2018-19ರಿಂದ 2022-23ರವರೆಗೆ ಐದು ಸಾಲು. ಪ್ರತಿ ಸಾಲಿನಲ್ಲಿ ಆ ವರ್ಷದ ಆದಾಯ, ಆ ವರ್ಷಕ್ಕೆ ಸೇರಿದ 3 ಲಕ್ಷ ಬಾಕಿ, ಬಾಕಿ ಸೇರಿಸಿದಾಗಿನ ತೆರಿಗೆ, ಸೇರಿಸದಿದ್ದಾಗಿನ ತೆರಿಗೆ. ಈ ಲೆಕ್ಕಕ್ಕೆ ಆಧಾರ ಕಚೇರಿ ಕೊಟ್ಟ ಡ್ಯೂ-ಡ್ರಾನ್ ಪಟ್ಟಿ. ಸಲ್ಲಬೇಕಾದ್ದೆಷ್ಟು, ಸಂದದ್ದೆಷ್ಟು, ಪಿಎಫ್‌ಗೆ ಕಡಿದದ್ದೆಷ್ಟು ಎಂಬುದೆಲ್ಲ ಅದರಲ್ಲಿ ತಿಂಗಳವಾರು ಇರುತ್ತದೆ.

ಹೀಗೆ, ಅದೇ ನೌಕರ, ಅದೇ ಬಾಕಿ, ಅದೇ ಪಟ್ಟಿ. ಸಂಬಳದ ತೆರಿಗೆಗೆ ಇಲಾಖೆ 15 ಲಕ್ಷವನ್ನು ಐದು ವರ್ಷಕ್ಕೆ ಹಂಚುತ್ತದೆ. ಆ 15 ಲಕ್ಷದೊಳಗಿಂದಲೇ ಕಡಿದ 1,80,000ವನ್ನು ಪಿಎಫ್ ಮಿತಿಗೆ ಎಣಿಸುವಾಗ ಮಾತ್ರ ಅಷ್ಟೂ ಒಂದೇ ವರ್ಷದ್ದಾಗುತ್ತದೆ. ಒಂದೇ ಕಾಯ್ದೆಯ ಎರಡು ಕಲಂಗಳು ಒಂದೇ ಹಣವನ್ನು ಎರಡು ಬಗೆಯಲ್ಲಿ ನೋಡಿವೆ. ಇದಕ್ಕೆ ಸಮರ್ಥನೆ ಏನು ಎಂಬುದಕ್ಕೆ ತಮ್ಮ ಯಾವ ಸುತ್ತೋಲೆಯಲ್ಲೂ ನನಗೆ ಉತ್ತರ ಸಿಕ್ಕಿಲ್ಲ.

ಸರಿ, ತೆರಿಗೆಯ ಕಾಟ ಬೇಡವೆಂದು ಆ 1,10,000 ರೂಪಾಯಿ ತೆಗೆದುಬಿಡಬಹುದೇ? ಸೇವೆಯಲ್ಲಿರುವಾಗ ಪಿಎಫ್‌ನಿಂದ ಮುಂಗಡ ತೆಗೆಯಲು ಮನೆ, ಮದುವೆ, ಕಾಯಿಲೆ, ಓದು ಹೀಗೆ ಸ್ಕೀಮಿನಲ್ಲಿ ಹೇಳಿದ ಕಾರಣ, ಷರತ್ತುಗಳಿವೆ. "ಮಿತಿ ಮೀರಿದ ಹಣ ವಾಪಸ್ ಕೊಡಿ" ಎಂಬ ಕಾರಣ ಅದರಲ್ಲಿಲ್ಲ. ಬೇರೆ ಕಾರಣಕ್ಕೆ ಮುಂಗಡ ಪಡೆದರೂ ಆ ಹಣ ಎರಡರಲ್ಲಿ ಯಾವ ಖಾತೆಯಿಂದ ಮೊದಲು ಕಳೆಯಬೇಕು ಎಂದು 9ಡಿ ನಿಯಮ ಹೇಳುವುದಿಲ್ಲ. ಆಯಾ ಖಾತೆಯಿಂದ ತೆಗೆದದ್ದನ್ನು ಆಯಾ ಖಾತೆಯಲ್ಲಿ ಕಳೆಯಿರಿ ಎಂದಷ್ಟೇ ಹೇಳಿ ಬಿಟ್ಟಿದೆ. ಮಗಳ ಮದುವೆಗೆ ಎರಡು ಲಕ್ಷ ತೆಗೆದವರಿಗೆ ತೆರಿಗೆ ಖಾತೆ ಖಾಲಿಯಾಯಿತೋ, ಹಾಗೇ ಉಳಿಯಿತೋ ಎಂಬುದು ಆ ನಿಯಮ ಓದಿದರೆ ತಿಳಿಯುವುದಿಲ್ಲ. ಬ್ಯಾಂಕಿನ ಠೇವಣಿಯ ಬಡ್ಡಿಗೂ ತೆರಿಗೆ ಇದೆ. ಆದರೆ ಬೇಡವಾದರೆ ಅದನ್ನು ಮುರಿಸಬಹುದು. ಇಲ್ಲಿ ಹಣ ಬಿಡುವುದೂ ಇಲ್ಲ, ತೆರಿಗೆ ಬಿಡುವುದೂ ಇಲ್ಲ.

ಇನ್ನೊಂದು ತೊಂದರೆ ಸದ್ದಿಲ್ಲದೆ ಬೆಳೆಯುತ್ತಿದೆ. ದೇವದುರ್ಗದಿಂದ ರಾಯಚೂರಿಗೆ ಕೆಲಸಕ್ಕೆ ಬರುವ ಒಬ್ಬ ಮಹಿಳೆ 2022-23ರಲ್ಲಿ ವಿಪಿಎಫ್ ಹೆಚ್ಚಿಸಿಕೊಂಡಿದ್ದರು. ಆ ವರ್ಷ ಅವರ ವಂತಿಗೆ 2,90,000 ಆಯಿತು. ಮಿತಿಯ ವಿಷಯ ತಿಳಿದು ಮರುವರ್ಷವೇ ಇಳಿಸಿದರು. ಇವರು ಇಚ್ಛೆಯಿಂದ ಹಾಕಿದವರು, ಹಾಗಾಗಿ ಇವರ ತೆರಿಗೆಯ ಬಗ್ಗೆ ನನ್ನ ವಾದವಿಲ್ಲ. ವಾದ ಇರುವುದು ಅದು ಅವರಿಗೆ ತಿಳಿಯುವ ಬಗೆಯ ಬಗ್ಗೆ. ಮೀರಿದ 40,000ಕ್ಕೆ 2023-24ರ ಬಡ್ಡಿ 3,300, ಅದರ ಮುಂದಿನ ವರ್ಷದ್ದು ಸುಮಾರು 3,570. ಆಗ ಟಿಡಿಎಸ್‌ಗೆ ಮಿತಿ 5,000 ಇತ್ತು. ಆದ್ದರಿಂದ ಏನೂ ಕಡಿತವಾಗಲಿಲ್ಲ. ಕಡಿತವಿಲ್ಲ ಎಂದರೆ 26ಎಎಸ್‌ನಲ್ಲಿ ಏನೂ ಕಾಣುವುದಿಲ್ಲ. ಈ ಬಡ್ಡಿ ಕಚೇರಿ ಕೊಡುವ ಸಂಬಳವಲ್ಲವಾದ್ದರಿಂದ ಫಾರ್ಮ್ 16ರಲ್ಲೂ ಬರುವುದಿಲ್ಲ. "ವಿಪಿಎಫ್ ಅವಾಗ್ಲೇ ಬಂದ್ ಮಾಡೀನಲ್ರೀ ಅಣ್ಣಾರ, ಇನ್ನೇನ್ ಟ್ಯಾಕ್ಸು?" ಎಂದು ಅವರು ನಂಬಿಕೊಂಡಿದ್ದರು. ಪಾಸ್‌ಬುಕ್ಕಿನ ಕೊನೆಯಲ್ಲಿರುವ, ತೆರಿಗೆಗೆ ಒಳಪಡುವ ಮೊತ್ತದ ಪಟ್ಟಿಯನ್ನು ತೆರೆದು ತೋರಿಸಿದ ಮೇಲಷ್ಟೇ ಒಪ್ಪಿದರು.

2025ರ ಏಪ್ರಿಲ್‌ನಿಂದ 194ಎ ಕಲಮಿನಡಿ ಈ ಟಿಡಿಎಸ್ ಮಿತಿ 5,000ದಿಂದ 10,000ಕ್ಕೆ ಏರಿದೆ. ಕಡಿತ ಕಡಿಮೆಯಾಯಿತೆಂದು ಜನ ಸಂತೋಷಪಟ್ಟರು. ಆದರೆ ಕಡಿತಕ್ಕೆ ಮಿತಿ ಇದೆಯೇ ಹೊರತು ತೆರಿಗೆಗೆ ಅಂಥ ಮಿತಿ ಇಲ್ಲ. ಬಡ್ಡಿ ನೂರು ರೂಪಾಯಿ ಆದರೂ ‘ಇತರ ಮೂಲಗಳ ಆದಾಯ’ದಲ್ಲಿ ತೋರಿಸಬೇಕು. ಅದೇ ಬಡ್ಡಿ ದರ ಹಿಡಿದರೆ 2025-26ರಲ್ಲಿ ಮಾನ್ವಿಯ ಎಂಜಿನಿಯರ್ ಬಡ್ಡಿಯೂ 10,000ದ ಒಳಗೇ ಬರುತ್ತದೆ. ಹೋದ ವರ್ಷ 26ಎಎಸ್‌ನಲ್ಲಿ ಕಂಡದ್ದು ಈ ವರ್ಷ ಕಾಣದೆ ಹೋದರೆ, ತೆರಿಗೆ ಮುಗಿಯಿತೆಂದೇ ಅವರು ತಿಳಿಯುತ್ತಾರೆ. ಮುಂದೊಂದು ದಿನ ಆದಾಯ ಮುಚ್ಚಿಟ್ಟಿರಿ ಎಂಬ ನೋಟಿಸು ಬಂದರೆ ಅದಕ್ಕೆ ಉತ್ತರ ಕೊಡಬೇಕಾದವರು ಅವರೇ.

ಆದ್ದರಿಂದ ನನ್ನ ಕೇಳಿಕೆಗಳು ಮೂರು.

ಒಂದು: ವೇತನ ಬಾಕಿಯ ಮೇಲಿನ ಪಿಎಫ್ ವಂತಿಗೆಯನ್ನು ಅದು ಯಾವ ವರ್ಷಕ್ಕೆ ಸಂಬಂಧಿಸಿದೆಯೋ ಆ ವರ್ಷದ ಮಿತಿಗೆ ಎಣಿಸಬೇಕು. 2021ರ ಮಾರ್ಚ್ 31ಕ್ಕಿಂತ ಹಿಂದಿನ ಅವಧಿಯ ಬಾಕಿ ವಂತಿಗೆ ತೆರಿಗೆಯಿಲ್ಲದ ಖಾತೆಗೇ ಹೋಗಬೇಕು. ಇದಕ್ಕೆ ಮುಂದಿನ ಹಣಕಾಸು ಮಸೂದೆಯಲ್ಲಿ ಒಂದು ವಿವರಣೆ ಸೇರಿಸಿದರೆ ಸಾಕು. ಪುರಾವೆಯಾಗಿ 10ಇಗೆ ಕೊಡುವ ಡ್ಯೂ-ಡ್ರಾನ್ ಪಟ್ಟಿಯನ್ನೇ ಒಪ್ಪಬಹುದು. ಹೊಸ ಕಾಗದ ಯಾವುದೂ ಬೇಕಿಲ್ಲ. ಈಗಾಗಲೇ ತೆರಿಗೆ ಖಾತೆಗೆ ಹೋಗಿರುವ ಇಂಥ ಮೊತ್ತಗಳನ್ನು ಸದಸ್ಯರು ಅರ್ಜಿ ಕೊಟ್ಟರೆ ಮರುವಿಂಗಡಣೆ ಮಾಡಿಕೊಡಬೇಕು.

ಎರಡು: ತೆರಿಗೆ ಖಾತೆಯ ಹಣವನ್ನು ಕಾರಣ ಕೇಳದೆ ಹಿಂಪಡೆಯಲು ಬಿಡಬೇಕು. ಯಾವುದೇ ಮುಂಗಡ ಮೊದಲು ಆ ಖಾತೆಯಿಂದಲೇ ಕಳೆಯಬೇಕು ಎಂದು 9ಡಿ ನಿಯಮದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಈ ಹಣಕ್ಕೆ ರಿಯಾಯಿತಿ ಕೊಡಲಾಗದು ಎಂಬುದೇ ಸರ್ಕಾರದ ನಿಲುವಾದರೆ, ಅದನ್ನು ನಿಧಿಯೊಳಗೆ ಹಿಡಿದಿಟ್ಟುಕೊಳ್ಳಲೂ ಕಾರಣವಿಲ್ಲ.

ಮೂರು: ತೆರಿಗೆ ಖಾತೆಯಲ್ಲಿ ಹಣ ಇರುವ ಪ್ರತಿ ಸದಸ್ಯರಿಗೂ, ಟಿಡಿಎಸ್ ಕಡಿತವಾಗಲಿ ಬಿಡಲಿ, ಆ ವರ್ಷದ ತೆರಿಗೆ ಬಡ್ಡಿ ಇಷ್ಟು ಎಂದು ರಿಟರ್ನ್ ಗಡುವಿಗೆ ಮೊದಲೇ ಎಸ್‌ಎಂಎಸ್ ಕಳುಹಿಸಬೇಕು, ಕನ್ನಡದಲ್ಲಿ. ಲೆಕ್ಕ ಪಾಸ್‌ಬುಕ್ಕಿನಲ್ಲಿ ಈಗಾಗಲೇ ಇದೆ, ಸದಸ್ಯರ ಮೊಬೈಲ್ ನಂಬರೂ ಯುಎಎನ್ ಜೊತೆ ಇದೆ.

ಮೂರನೆಯದಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ, ಭವಿಷ್ಯ ನಿಧಿ ಸಂಸ್ಥೆಯ ಒಂದು ಆದೇಶ ಸಾಕು. ಎರಡನೆಯದಕ್ಕೆ ನೇರ ತೆರಿಗೆಗಳ ಮಂಡಳಿಯ ಅಧಿಸೂಚನೆಯೂ ಸ್ಕೀಮಿನ ತಿದ್ದುಪಡಿಯೂ ಬೇಕು. ಮೊದಲನೆಯದಕ್ಕೆ ಮಾತ್ರ ಶಾಸನದ ತಿದ್ದುಪಡಿ ಬೇಕು. ಮುಂದಿನ ಬಜೆಟ್‌ವರೆಗೆ ಕಾಯಲು ನಾವು ಸಿದ್ಧ. ಅಷ್ಟರವರೆಗೆ, ಬಾಕಿ ವೇತನದ ವಂತಿಗೆಯ ಬಡ್ಡಿಯನ್ನು ತಿಳಿಯದೆ ಬಿಟ್ಟಿರುವ ನೌಕರರ ಮೇಲೆ ದಂಡದ ಕ್ರಮ ಬೇಡವೆಂದು ಮಂಡಳಿ ಒಂದು ಸುತ್ತೋಲೆ ಹೊರಡಿಸಲಿ.

ಇದೇ ಸಂಕಟದಲ್ಲಿರುವ ನೌಕರ ಬಂಧುಗಳು ತಮ್ಮ ಡ್ಯೂ-ಡ್ರಾನ್ ಪಟ್ಟಿ, 10ಇ ಪ್ರತಿ ಮತ್ತು ಪಾಸ್‌ಬುಕ್ಕಿನ ತೆರಿಗೆ ಪುಟವನ್ನು ಒಟ್ಟಿಗೆ ಜೋಡಿಸಿಟ್ಟುಕೊಳ್ಳಿ. ತಿದ್ದುಪಡಿ ಬಂದರೆ ಮರುವಿಂಗಡಣೆಗೂ, ಬಾರದಿದ್ದರೆ ನೋಟಿಸಿಗೆ ಉತ್ತರ ಕೊಡಲೂ ಈ ಮೂರೇ ಕಾಗದ ಬೇಕಾಗುತ್ತವೆ.



ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ,
ರಾಯಚೂರು